ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಪ್ಪಾಗಿದ್ದರೆ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಧಾರ್ ಕೇಂದ್ರದ ಸಾಲಿನಲ್ಲಿ, ಬೆಂಗಳೂರು ಒನ್ ಕೌಂಟರ್‌ನ ಮುಂದೆ, ಪಿಎಫ್ ಕಚೇರಿಯ ಮೆಟ್ಟಿಲ ಮೇಲೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರು ಕೇಳುವ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕಗ್ಗಂಟು ಆಮೇಲೆ. ಹುಟ್ಟಿದ ದಿನಾಂಕದ ಬಗ್ಗೆ ಮಾತ್ರ ಬರೆದಿದ್ದೇವೆ. ವಿಳಾಸ, ಮೊಬೈಲ್ ನಂಬರ್ ಬದಲಾವಣೆಯ ನಿಯಮಗಳು ಬೇರೆ.

## ಹೊರಡುವ ಮುಂಚೆ

ಆಧಾರ್‌ನಲ್ಲಿ ನನ್ನ ಹುಟ್ಟಿದ ದಿನ ಜನವರಿ 1 ಅಂತ ಬಂದಿದೆ. ನಾನು ಹಾಗಂತ ಹೇಳಲೇ ಇಲ್ಲ. ಎಲ್ಲಿಂದ ಬಂತು ಇದು?

ಮೊದಲ ಸಲ ನೋಂದಣಿ ಮಾಡಿಸಿದಾಗ ನೀವು ದಾಖಲೆ ಕೊಡದೆ ಬರೀ ವಯಸ್ಸು ಹೇಳಿರುತ್ತೀರಿ. ನೋಂದಣಿಯ ಸಾಫ್ಟ್‌ವೇರ್ ಆ ವಯಸ್ಸನ್ನು ಹಿಂದಕ್ಕೆ ಎಣಿಸಿ ಹುಟ್ಟಿದ ವರ್ಷ ಹಿಡಿಯುತ್ತದೆ, ದಿನ ಗೊತ್ತಿಲ್ಲದ ಕಾರಣ ಜನವರಿ 1 ಎಂದು ಕೂರಿಸುತ್ತದೆ. ಎಷ್ಟೋ ಹಳೆಯ ಕಾರ್ಡುಗಳಲ್ಲಿ ದಿನಾಂಕವೇ ಇಲ್ಲದೆ ಹುಟ್ಟಿದ ವರ್ಷ ಮಾತ್ರ ಅಚ್ಚಾಗಿರುವುದೂ ಇದೇ ಕಾರಣಕ್ಕೆ.

ಆಧಾರ್ ದಾಖಲೆಯೊಳಗೆ ಪ್ರತಿ ದಿನಾಂಕಕ್ಕೂ ಒಂದು ಗುರುತು ಅಂಟಿಕೊಂಡಿರುತ್ತದೆ. ದಾಖಲೆ ತೋರಿಸಿ ಬರೆಸಿದ್ದು ‘ವೆರಿಫೈಡ್’, ನೀವೇ ಬಾಯಲ್ಲಿ ಹೇಳಿದ್ದು ‘ಡಿಕ್ಲೇರ್ಡ್’, ವಯಸ್ಸಿನಿಂದ ಲೆಕ್ಕ ಹಾಕಿದ್ದು ‘ಅಪ್ರಾಕ್ಸಿಮೇಟ್’. ಕಾರ್ಡಿನ ಮೇಲೆ ಈ ಗುರುತು ಕಾಣುವುದಿಲ್ಲ. ದಿನಾಂಕ ಜನವರಿ 1 ಆಗಿದ್ದು, ನೀವು ಯಾವ ದಾಖಲೆಯನ್ನೂ ಕೊಟ್ಟ ನೆನಪಿಲ್ಲದಿದ್ದರೆ ಕೊನೆಯ ಎರಡರಲ್ಲಿ ಒಂದೆಂದು ತಿಳಿಯಿರಿ. ಇಂಥದ್ದನ್ನು ಸರಿಮಾಡಿಸುವುದು ಹೆಚ್ಚು ಕಷ್ಟವಲ್ಲ, ಏಕೆಂದರೆ ನೀವು ಹಿಂದೆ ಕೊಟ್ಟ ಯಾವ ದಾಖಲೆಗೂ ಹೊಸ ದಾಖಲೆ ಎದುರು ನಿಲ್ಲುವುದಿಲ್ಲ.

ಎಷ್ಟು ಸಲ ಬದಲಾಯಿಸಬಹುದು?

ಒಂದೇ ಸಲ. ಹೆಸರನ್ನು ಎರಡು ಸಲ ತಿದ್ದಿಸಬಹುದು, ವಿಳಾಸಕ್ಕೆ ಮಿತಿಯೇ ಇಲ್ಲ. ಹುಟ್ಟಿದ ದಿನಾಂಕಕ್ಕೆ ಮಾತ್ರ ಜೀವಮಾನಕ್ಕೆ ಒಂದೇ ಅವಕಾಶ. ಈ ಪುಟದ ಉಳಿದ ಮಾತೆಲ್ಲ ಇದೊಂದು ನಿಯಮದ ಸುತ್ತಲೇ ತಿರುಗುತ್ತದೆ. ಕೈಗೆ ಮೊದಲು ಸಿಕ್ಕ ಕಾಗದ ಹಿಡಿದು ಓಡಿ ಆ ಒಂದು ಅವಕಾಶ ಮುಗಿಸಿಕೊಂಡವರು, ಆಮೇಲೆ ಪಾಸ್‌ಪೋರ್ಟಿಗೋ ಪಿಂಚಣಿಗೋ ಬೇರೆ ದಿನಾಂಕ ಬೇಕಾದಾಗ ಸಿಕ್ಕಿಬೀಳುತ್ತಾರೆ.

ಹಿಂದೆ ಯಾವಾಗಲಾದರೂ ಬದಲಾಗಿದೆಯೋ ಇಲ್ಲವೋ ನೆನಪಿಲ್ಲದಿದ್ದರೆ myaadhaar.uidai.gov.in ತಾಣಕ್ಕೆ ಆಧಾರ್ ನಂಬರ್ ಮತ್ತು ಒಟಿಪಿ ಹಾಕಿ ಒಳಗೆ ಹೋಗಿ. ಅಪ್‌ಡೇಟ್ ಹಿಸ್ಟರಿಯಲ್ಲಿ ಯಾವ ದಿನ ಏನು ಬದಲಾಯಿತು ಎಂಬುದು ಸಾಲಾಗಿ ಸಿಗುತ್ತದೆ. ಹತ್ತು ವರ್ಷದ ಹಿಂದೆ ಸೈಬರ್ ಸೆಂಟರ್‌ನವರು ಹೆಸರು ಸರಿಮಾಡುವಾಗ ದಿನಾಂಕವನ್ನೂ ಮುಟ್ಟಿದ್ದರೆ ಅದು ಇಲ್ಲಿ ಬಯಲಾಗುತ್ತದೆ.

ಮನೆಯಲ್ಲೇ ಮೊಬೈಲ್‌ನಲ್ಲಿ ಮಾಡ್ಕೊಳ್ಳೋಕೆ ಆಗಲ್ವಾ?

ಇದನ್ನು ಕೇಂದ್ರಕ್ಕೇ ಹೋಗಿ ಮಾಡಿಸಬೇಕು. ಮೂಲ ದಾಖಲೆಯನ್ನು ಅಲ್ಲೇ ಸ್ಕ್ಯಾನ್ ಮಾಡುತ್ತಾರೆ, ನಿಮ್ಮ ಬೆರಳು ಅಥವಾ ಕಣ್ಣಿನ ಗುರುತನ್ನೂ ಅಲ್ಲೇ ಹೊಂದಿಸಿ ನೋಡುತ್ತಾರೆ. ವಾಟ್ಸಾಪ್‌ನಲ್ಲಿ ದಾಖಲೆ ತರಿಸಿಕೊಂಡು ‘ನೀವು ಬರೋದೇ ಬೇಡ’ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ನೀವಿಲ್ಲದೆ ಆಗುವ ಕೆಲಸ ಇದಲ್ಲ.

## ಯಾವ ದಾಖಲೆ

ಪ್ಯಾನ್ ಕಾರ್ಡ್, ವೋಟರ್ ಐಡಿ, ಡಿಎಲ್ ಮೂರೂ ಇದೆ. ಮೂರರಲ್ಲೂ ಒಂದೇ ದಿನಾಂಕ. ಸಾಕಲ್ವಾ?

ಸಾಲದು. ಇವು ಮೂರೂ ನೀವು ಯಾರು ಎಂದು ತೋರಿಸುವ ದಾಖಲೆಗಳು, ಯಾವಾಗ ಹುಟ್ಟಿದಿರಿ ಎಂಬುದಕ್ಕೆ ಇವುಗಳನ್ನು ಪುರಾವೆಯಾಗಿ ಹಿಡಿಯುವುದಿಲ್ಲ. ಹಿಂದೆ ಪ್ಯಾನ್ ಕಾರ್ಡನ್ನು ಒಪ್ಪುತ್ತಿದ್ದ ಕಾಲವಿತ್ತು, ಹಳೆಯ ಪಟ್ಟಿ ನೋಡಿ ಬರುವವರು ಇನ್ನೂ ಇದ್ದಾರೆ. ಜಾತಕ, ನೋಟರಿ ಅಫಿಡವಿಟ್, ಡಾಕ್ಟರ್ ಬರೆದುಕೊಟ್ಟ ವಯಸ್ಸಿನ ಚೀಟಿ ಇವ್ಯಾವೂ ತಾವಾಗಿಯೇ ನಿಲ್ಲುವುದಿಲ್ಲ.

ಸಾಮಾನ್ಯ ಜನರಿಗೆ ಕೆಲಸಕ್ಕೆ ಬರುವುದು ಮೂರು: ಜನನ ಪ್ರಮಾಣಪತ್ರ, ಮಾನ್ಯತೆ ಪಡೆದ ಮಂಡಳಿ ಅಥವಾ ವಿಶ್ವವಿದ್ಯಾಲಯದ ಅಂಕಪಟ್ಟಿ (ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್), ಮತ್ತು ಭಾರತದ ಪಾಸ್‌ಪೋರ್ಟ್. ಸರ್ಕಾರಿ ಅಥವಾ ಸಾರ್ವಜನಿಕ ಉದ್ದಿಮೆಯ ನೌಕರರಿಗೆ ಹುಟ್ಟಿದ ದಿನಾಂಕವಿರುವ ಫೋಟೊ ಸಹಿತ ಸೇವಾ ಗುರುತಿನ ಚೀಟಿ, ನಿವೃತ್ತರಿಗೆ ಪಿಂಚಣಿ ಪಾವತಿ ಆದೇಶ ನಡೆಯುತ್ತದೆ. ಎಚ್‌ಎಎಲ್, ಬಿಇಎಲ್, ಬಿಎಂಟಿಸಿಯಲ್ಲಿ ದುಡಿದು ನಿವೃತ್ತರಾದವರ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಅಂಥವರು ಕಬ್ಬಿಣದ ಪೆಟ್ಟಿಗೆಯಲ್ಲಿ ಹುಡುಕಬೇಕಾದದ್ದು ಇವನ್ನೇ.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಈ ಆಯ್ಕೆಯೇ ಇಲ್ಲ. ಅವರಿಗೆ ಜನನ ಪ್ರಮಾಣಪತ್ರ ಒಂದೇ.

ಎಸ್ಸೆಸ್ಸೆಲ್ಸಿಯಲ್ಲಿ ಜೂನ್ 1 ಅಂತಿದೆ. ಅಮ್ಮ ಹೇಳೋ ಪ್ರಕಾರ ನಾನು ಹುಟ್ಟಿದ್ದು ದೀಪಾವಳಿ ಹೊತ್ತಿಗೆ. ಯಾವುದನ್ನ ಹಾಕಿಸಲಿ?

ನಮ್ಮ ನಾಡಿನಲ್ಲಿ ಜೂನ್ 1ಕ್ಕೆ ಹುಟ್ಟಿದವರ ಸಂಖ್ಯೆ ನೋಡಿದರೆ ಅವತ್ತು ಸೂಲಗಿತ್ತಿಯರಿಗೆ ಊಟಕ್ಕೂ ಬಿಡುವಿರಲಿಲ್ಲ ಎನ್ನಬೇಕು. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗುವಿಗೆ ಪ್ರಾಯ ತುಂಬಿದೆ ಎಂದು ತೋರಿಸಲು ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಆ ದಿನವನ್ನೇ ಬರೆದುಕೊಳ್ಳುತ್ತಿದ್ದರು. ಅದೇ ಎಸ್ಸೆಸ್ಸೆಲ್ಸಿಗೆ ಹೋಯಿತು, ಅಲ್ಲಿಂದ ಪ್ಯಾನ್, ಪಾಸ್‌ಪೋರ್ಟ್, ನೌಕರಿಯ ದಾಖಲೆ ಎಲ್ಲಕ್ಕೂ ಹೋಯಿತು.

ಇಲ್ಲಿ ನಮ್ಮ ಸಲಹೆ ನೇರ: ಉಳಿದ ದಾಖಲೆಗಳೆಲ್ಲ ಎಸ್ಸೆಸ್ಸೆಲ್ಸಿಯ ದಿನಾಂಕವನ್ನೇ ಹಿಡಿದಿದ್ದರೆ ಆಧಾರ್‌ಗೂ ಅದನ್ನೇ ಹಾಕಿಸಿ. ದೀಪಾವಳಿಗೆ ಹುಟ್ಟುಹಬ್ಬ ಆಚರಿಸಿಕೊಳ್ಳಿ. ಅಮ್ಮನ ಮಾತೇ ಸತ್ಯವಾಗಿದ್ದರೂ, ಅದರಂತೆ ಜನನ ಪ್ರಮಾಣಪತ್ರ ಹುಡುಕಿ ತಂದು ಆಧಾರ್ ತಿದ್ದಿಸಿದರೆ ಆಗ ಎಸ್ಸೆಸ್ಸೆಲ್ಸಿ ತಪ್ಪಾಗುತ್ತದೆ. ಶಾಲೆ ಬಿಟ್ಟು ವರ್ಷಗಳಾದ ಮೇಲೆ ಆ ಅಂಕಪಟ್ಟಿಯ ದಿನಾಂಕ ಬದಲಾಯಿಸಲು ಮುಖ್ಯೋಪಾಧ್ಯಾಯರ ಕಾಗದ ಸಾಲದು. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಡಿಕ್ರಿ ತಂದು ಪರೀಕ್ಷಾ ಮಂಡಳಿಯ ಮುಂದೆ ಇಡಬೇಕಾಗುತ್ತದೆ. ನೌಕರಿಯಲ್ಲಿರುವವರು ಹಾಗೆ ಮಾಡಿಸಿದರೂ ಸೇವಾ ದಾಖಲೆ ತಾನಾಗಿ ಬದಲಾಗುವುದಿಲ್ಲ.

ಹೀಗೆ ಮಾಡಿ. ಒಂದು ಹಾಳೆಯ ಮೇಲೆ ನಿಮ್ಮ ಎಲ್ಲ ದಾಖಲೆಗಳ ಹೆಸರನ್ನೂ ಅವುಗಳಲ್ಲಿರುವ ದಿನಾಂಕವನ್ನೂ ಬರೆಯಿರಿ. ಹೆಚ್ಚು ಕಡೆ ಇರುವ ದಿನಾಂಕ, ಮೇಲೆ ಹೇಳಿದ ಮೂರು ದಾಖಲೆಗಳಲ್ಲಿ ಒಂದರಲ್ಲಾದರೂ ಇದ್ದರೆ, ಅದೇ ನಿಮ್ಮ ದಿನಾಂಕ.

ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಪರವಾಗಿಲ್ವಾ?

ಪರವಾಗಿಲ್ಲ ಎಂದು ಕೌಂಟರ್‌ನಲ್ಲಿ ಹೇಳಬಹುದು, ಆಮೇಲೆ ಒಳಗಿನ ಪರಿಶೀಲನೆಯಲ್ಲಿ ತಿರಸ್ಕರಿಸಬಹುದು. ದಿನಾಂಕದ ಅರ್ಜಿಗಳು ಬೀಳುವ ದೊಡ್ಡ ಕಾರಣ ದಿನಾಂಕವಲ್ಲ, ಹೆಸರು. ಪರಿಶೀಲಿಸುವವರಿಗೆ ಆ ಅಂಕಪಟ್ಟಿ ನಿಮ್ಮದೇ ಎಂದು ಕಾಣಬೇಕು. ‘ಮಂಜುನಾಥ’ ಮತ್ತು ‘ಮಂಜುನಾಥ್ ಕೆ ಆರ್’ ಒಬ್ಬರೇ ಎಂದು ನಿಮಗೆ ಗೊತ್ತು, ಸ್ಕ್ಯಾನ್ ಮಾತ್ರ ನೋಡುವವರಿಗೆ ಗೊತ್ತಿಲ್ಲ.

ಅದಕ್ಕೆ ಹೆಸರನ್ನೂ ದಿನಾಂಕವನ್ನೂ ಒಂದೇ ಅರ್ಜಿಯಲ್ಲಿ ಸರಿಮಾಡಿಸುವುದು ಜಾಣತನ. ಶುಲ್ಕವೂ ಒಂದೇ ಸಲ. ಹೆಸರಿಗೆ ಮಾತ್ರ ಫೋಟೊ ಇರುವ ಗುರುತಿನ ದಾಖಲೆ ಬೇಕು. ಹಳೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳಲ್ಲಿ ಫೋಟೊ ಇರುವುದಿಲ್ಲ. ಆದ್ದರಿಂದ ಅಂಕಪಟ್ಟಿಯಲ್ಲಿರುವಂತೆಯೇ ಹೆಸರಿರುವ ಪ್ಯಾನ್ ಅಥವಾ ವೋಟರ್ ಐಡಿಯನ್ನು ಹೆಸರಿಗಾಗಿ, ಅಂಕಪಟ್ಟಿಯನ್ನು ದಿನಾಂಕಕ್ಕಾಗಿ ಕೊಡಿ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳಿಗೆ ತವರಿನ ಹೆಸರಿನ ಅಂಕಪಟ್ಟಿ ಹೊಂದುವುದಿಲ್ಲ. ಅವರು ಎರಡು ಹೆಸರನ್ನೂ ಬೆಸೆಯುವ ಮದುವೆ ನೋಂದಣಿ ಪ್ರಮಾಣಪತ್ರವನ್ನು ಜೊತೆಗೆ ಒಯ್ಯಬೇಕು.

## ಕೇಂದ್ರದಲ್ಲಿ

ಬೆಂಗಳೂರಲ್ಲಿ ಎಲ್ಲಿಗೆ ಹೋಗ್ಬೇಕು, ಎಷ್ಟು ದುಡ್ಡು, ಏನೇನು ಕೇಳ್ತಾರೆ?

ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ತಾನೇ ನಡೆಸುವ ಆಧಾರ್ ಸೇವಾ ಕೇಂದ್ರಗಳಿವೆ. ಕೆಲವು ಬೆಂಗಳೂರು ಒನ್ ಕೇಂದ್ರಗಳು, ಅಂಚೆ ಕಚೇರಿಗಳು, ಬ್ಯಾಂಕ್ ಶಾಖೆಗಳಲ್ಲೂ ಮಾಡಿಕೊಡುತ್ತಾರೆ. ಹುಟ್ಟಿದ ದಿನಾಂಕದಂಥ ಕೆಲಸಕ್ಕೆ ಸೇವಾ ಕೇಂದ್ರವೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ದಾಖಲೆಯನ್ನು ಮೊದಲೇ ನೋಡಿ ನಡೆಯುತ್ತದೋ ಇಲ್ಲವೋ ಹೇಳುವವರಿರುತ್ತಾರೆ, ಆನ್‌ಲೈನ್‌ನಲ್ಲಿ ಹೊತ್ತು ಗೊತ್ತುಮಾಡಿಕೊಂಡೂ ಹೋಗಬಹುದು.

18 ದಾಟಿದವರಿಗೆ ಅರ್ಜಿ ಫಾರಂ 1. ಶುಲ್ಕ 2025ರ ಅಕ್ಟೋಬರ್ 1ರಿಂದ 75 ರೂಪಾಯಿ, ಅದಕ್ಕೂ ಮುಂಚೆ 50 ಇತ್ತು. ಅರ್ಜಿ ತಿರಸ್ಕೃತವಾದರೆ ಈ ಹಣ ವಾಪಸ್ ಬರುವುದಿಲ್ಲ. ಮೂಲ ದಾಖಲೆಯನ್ನೇ ಒಯ್ಯಿರಿ. ಸ್ಕ್ಯಾನ್ ಮಾಡಿ ನಿಮ್ಮ ಕೈಗೆ ವಾಪಸ್ ಕೊಡುತ್ತಾರೆ. ಜೆರಾಕ್ಸ್ ಪ್ರತಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿಕೊಂಡು ಬಂದರೂ ಅದು ಮೂಲ ದಾಖಲೆ ಆಗುವುದಿಲ್ಲ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದರೆ ಹೊರಡುವ ಮುಂಚೆ ತೆರೆದಿಡಿ.

ಆಪರೇಟರ್ ಟೈಪ್ ಮಾಡುವಾಗ ನಿಮ್ಮ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆಯಲ್ಲಿ ಅದೆಲ್ಲ ಕಾಣುತ್ತದೆ. ಇಡೀ ದಿನದಲ್ಲಿ ಮುಖ್ಯವಾದ ಅರ್ಧ ನಿಮಿಷ ಅದು. ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ದಿನಾಂಕವನ್ನು ಬಾಯಿ ಬಿಟ್ಟು ಓದಿ. 06/01 ಮತ್ತು 01/06 ಅದಲುಬದಲಾಗಿ ಹೋದರೆ ನಿಮ್ಮ ಏಕೈಕ ಅವಕಾಶ ಟೈಪಿಂಗ್ ತಪ್ಪಿಗೆ ಬಲಿಯಾಗುತ್ತದೆ. ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲಿ ಮೂಡಿದ ಹೆಸರನ್ನೂ ನೋಡಿಕೊಳ್ಳಿ. ಲಿಪ್ಯಂತರ ಯಂತ್ರಕ್ಕೆ ‘ಳ’ ಮತ್ತು ‘ಲ’ ಎರಡೂ ಒಂದೇ.

ಕೊನೆಗೆ ಸ್ವೀಕೃತಿ ಚೀಟಿ ಕೊಡುತ್ತಾರೆ. ಅದರ ಮೇಲಿನ 14 ಅಂಕಿಯ ನೋಂದಣಿ ಸಂಖ್ಯೆ ಮತ್ತು ಪಕ್ಕದ ದಿನಾಂಕ, ಸಮಯದ 14 ಅಂಕಿ ಸೇರಿ 28 ಅಂಕಿಯ ಇಐಡಿ ಆಗುತ್ತದೆ. ಅರ್ಜಿ ಎಲ್ಲಿಗೆ ಬಂತು ಎಂದು ನೋಡುವುದಕ್ಕೂ, ಮುಂದೆ ತಕರಾರು ಮಾಡುವುದಕ್ಕೂ ಇದೇ ಆಧಾರ. ಚೀಟಿಯ ಅಕ್ಷರ ಮಾಸುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಡಿ. ಸಾಮಾನ್ಯವಾಗಿ 30 ದಿನದೊಳಗೆ ತೀರ್ಮಾನ ಬರುತ್ತದೆ.

ಒಂದು ಉದಾಹರಣೆ ಇಟ್ಟು ಹೇಳಿ, ಪಿಎಫ್ ಪಿಂಚಣಿಗೆ ಇದು ಹೇಗೆ ಅಡ್ಡ ಬರುತ್ತೆ?

ಪೀಣ್ಯದ ಕಾರ್ಖಾನೆಯೊಂದರ ಕೆಲಸಗಾರ ಎಂದಿಟ್ಟುಕೊಳ್ಳೋಣ. ಆಧಾರ್‌ನಲ್ಲಿ ಹೆಸರು ‘ನಾಗರಾಜು’, ದಿನಾಂಕ 01/01/1970. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ನಾಗರಾಜು ಎಚ್ ಎಂ’, 01/06/1968. ಪ್ಯಾನ್ ಮತ್ತು ಪಿಎಫ್ ದಾಖಲೆ ಎರಡೂ ಅಂಕಪಟ್ಟಿಯಂತೆಯೇ ಇವೆ. ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ಣ ಪಿಂಚಣಿಯ ವಯಸ್ಸು 58. ಅಂಕಪಟ್ಟಿಯ ಪ್ರಕಾರ ಅವರಿಗೆ 58 ತುಂಬುವುದು 2026ರ ಜೂನ್ 1ಕ್ಕೆ, ಆಧಾರ್ ಪ್ರಕಾರ 2028ರ ಜನವರಿ 1ಕ್ಕೆ. ನಡುವೆ 19 ತಿಂಗಳು.

ಪಿಎಫ್ ದಾಖಲೆಯನ್ನೇ ಆಧಾರ್‌ಗೆ ಹೊಂದಿಸಿಬಿಡೋಣ ಎನ್ನುವುದು ಸುಲಭದ ಯೋಚನೆ, ಕಾರ್ಖಾನೆಯ ಎಚ್‌ಆರ್‌ನವರೂ ಕೆಲವೊಮ್ಮೆ ಹಾಗೇ ಹೇಳುತ್ತಾರೆ. ಅದು ಆಗದು, ಆಗಲೂಬಾರದು. 2024ರ ಜನವರಿಯಿಂದ ಭವಿಷ್ಯ ನಿಧಿ ಸಂಘಟನೆ ಹುಟ್ಟಿದ ದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿದೆ. ಹಾಗಾಗಿ ಸರಿಯಾಗಬೇಕಾದದ್ದು ಆಧಾರ್.

ಇವರು ಫಾರಂ 1ರಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕ ಎರಡನ್ನೂ ತುಂಬಬೇಕು. ಹೆಸರಿಗೆ ಪ್ಯಾನ್, ದಿನಾಂಕಕ್ಕೆ ಮೂಲ ಅಂಕಪಟ್ಟಿ. 1980ರ ದಶಕದ ಅಂಕಪಟ್ಟಿಯ ಮಡಿಕೆಯಲ್ಲಿ ವರ್ಷದ ಅಂಕಿ ಅಳಿಸಿಹೋಗಿರುವುದು ಸಾಮಾನ್ಯ. ದಿನಾಂಕವನ್ನು ಅಕ್ಷರದಲ್ಲೂ ಬರೆದಿದ್ದರೆ ಅದು ಅಂಕಿಗೆ ತಾಳೆಯಾಗುತ್ತದೆಯೇ ಮನೆಯಲ್ಲೇ ನೋಡಿಕೊಳ್ಳಬೇಕು. ಓದಲಾಗದಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಯಿಂದ ನಕಲು ಅಂಕಪಟ್ಟಿ ತರಿಸಿಕೊಂಡು ಆಮೇಲೆ ಕೇಂದ್ರಕ್ಕೆ ಹೋಗಬೇಕು. ಇವರ ಹಳೆಯ ದಿನಾಂಕ ದಾಖಲೆ ಕೊಡದೆ ಬರೆಸಿದ್ದು, ಹೊಸದು ಮಂಡಳಿಯ ದಾಖಲೆ, ಪ್ಯಾನ್ ಕೂಡ ಅದನ್ನೇ ಹೇಳುತ್ತದೆ. ಎಲ್ಲ ಒಂದೇ ಕಡೆ ಕೈ ತೋರಿಸುತ್ತಿರುವುದರಿಂದ ಅನುಮಾನಕ್ಕೆ ಎಡೆ ಕಡಿಮೆ. ಪಿಂಚಣಿ ಅರ್ಜಿಗೆ ನಾಲ್ಕೈದು ತಿಂಗಳು ಮುಂಚೆಯೇ ಇದನ್ನು ಮುಗಿಸಿದರೆ, ಒಂದು ಸಲ ತಿರಸ್ಕಾರವಾದರೂ ಮತ್ತೆ ಹಾಕಲು ಸಮಯ ಉಳಿಯುತ್ತದೆ.

ರಿಜೆಕ್ಟ್ ಅಂತ ಮೆಸೇಜ್ ಬಂತು. ನನ್ನ ಒಂದು ಚಾನ್ಸ್ ಹೋಯ್ತಾ?

ಇಲ್ಲ. ದಾಖಲೆಯಲ್ಲಿ ದಿನಾಂಕ ನಿಜವಾಗಿ ಬದಲಾದರೆ ಮಾತ್ರ ಅವಕಾಶ ಮುಗಿಯುತ್ತದೆ. ತಿರಸ್ಕೃತ ಅರ್ಜಿಯಲ್ಲಿ ಹೋಗುವುದು ಶುಲ್ಕ ಮತ್ತು ಒಂದು ದಿನದ ರಜೆ.

ಸ್ಟೇಟಸ್ ತೆರೆದು ಕಾರಣ ಓದಿ. ದಾಖಲೆ ಅಸ್ಪಷ್ಟ ಎಂದಿದ್ದರೆ ಸ್ಕ್ಯಾನ್ ಕೆಟ್ಟಿದೆ ಎಂದರ್ಥ. ಲ್ಯಾಮಿನೇಷನ್ ಮಾಡಿಸಿದ ಹಳೆಯ ಅಂಕಪಟ್ಟಿಗಳು ಬೆಳಕಿಗೆ ಹೊಳೆದು ಹೀಗಾಗುತ್ತವೆ, ಅದೇ ದಾಖಲೆಯಲ್ಲಿ ಮತ್ತೊಮ್ಮೆ ಹಾಕಬಹುದು. ಹೆಸರು ಹೊಂದುತ್ತಿಲ್ಲ ಎಂದಿದ್ದರೆ ಅದೇ ಕಾಗದಗಳನ್ನು ಮತ್ತೆ ಹಾಕಿ ಪ್ರಯೋಜನವಿಲ್ಲ, ಹೆಸರನ್ನು ಮೊದಲು ಹೊಂದಿಸಿ. ಮಿತಿ ಮೀರಿದೆ ಎಂದಿದ್ದರೆ ಹಿಂದೆಯೇ ಒಮ್ಮೆ ಬದಲಾಗಿದೆ, ಮುಂದಿನ ಉತ್ತರಕ್ಕೆ ಹೋಗಿ.

## ಕಗ್ಗಂಟುಗಳು

ಒಂದು ಸಲ ಬದಲಾಯಿಸಿ ಆಗಿದೆ, ಅದೂ ತಪ್ಪಾಗಿದೆ. ದಾರಿ ಇಲ್ವೇ ಇಲ್ವಾ?

ಇದೆ, ಆದರೆ ಅದು ಹಕ್ಕಲ್ಲ, ವಿನಾಯಿತಿ. ಮೊದಲು ಮಾಮೂಲಿನಂತೆ ಕೇಂದ್ರದಲ್ಲಿ ಸರಿಯಾದ ದಾಖಲೆಯೊಂದಿಗೆ ಅರ್ಜಿ ಹಾಕಿ. ಅದು ಮಿತಿ ಮೀರಿದೆ ಎಂದು ತಿರಸ್ಕೃತವಾಗುತ್ತದೆ. ಆ ತಿರಸ್ಕಾರವೇ ನಿಮಗೆ ಬೇಕಾದ ಕಾಗದ. ಆಮೇಲೆ 1947ಕ್ಕೆ ಕರೆ ಮಾಡಿ ಅಥವಾ help@uidai.gov.in ವಿಳಾಸಕ್ಕೆ ಬರೆದು, ಅರ್ಜಿಯನ್ನು ಯುಐಡಿಎಐ ಪ್ರಾದೇಶಿಕ ಕಚೇರಿಯಲ್ಲಿ ವಿನಾಯಿತಿಯಾಗಿ ಪರಿಶೀಲಿಸಬೇಕೆಂದು ಕೇಳಿ. ಇಐಡಿ ಚೀಟಿ, ಆಧಾರ್ ಪ್ರತಿ, ದಿನಾಂಕದ ಪುರಾವೆ, ಮತ್ತೆ ಬದಲಾವಣೆ ಏಕೆ ಬೇಕಾಯಿತು ಎಂಬ ವಿವರಣೆ ಜೊತೆಗಿರಲಿ.

ಕರ್ನಾಟಕವನ್ನು ನೋಡಿಕೊಳ್ಳುವ ಪ್ರಾದೇಶಿಕ ಕಚೇರಿ ಇಲ್ಲೇ, ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ. ಊರಲ್ಲೇ ಇದೆಯೆಂದು ಅರ್ಜಿಯೇ ಹಾಕದೆ ನೇರ ಅಲ್ಲಿಗೆ ಹೋಗುವವರುಂಟು. ಇಐಡಿ ಇಲ್ಲದೆ ಹೋದರೆ ಮೊದಲು ಕೇಂದ್ರಕ್ಕೆ ಹೋಗಿ ಎಂದೇ ಹೇಳಿ ಕಳಿಸುತ್ತಾರೆ.

ವಿವರಣೆಯನ್ನು ಚಿಕ್ಕದಾಗಿ, ಕಾಲಕ್ರಮದಲ್ಲಿ ಬರೆಯಿರಿ: ಮೊದಲು ಯಾವ ದಿನಾಂಕ ಇತ್ತು, ಯಾವ ದಾಖಲೆ ಕೊಟ್ಟು ಏನಾಯಿತು, ತಪ್ಪು ಎಲ್ಲಿ ನಡೆಯಿತು. ಟೈಪಿಂಗ್ ತಪ್ಪಾಗಿದ್ದರೆ ಆಗ ಕೊಟ್ಟ ಅದೇ ದಾಖಲೆಯನ್ನು ಮತ್ತೆ ತೋರಿಸಿ, ವಾದ ಗಟ್ಟಿಯಾಗುತ್ತದೆ. ಮೊದಲ ಸಲ ಒಂದು ಜನನ ಪ್ರಮಾಣಪತ್ರ, ಈಗ ಬೇರೆ ನೋಂದಣಿ ಸಂಖ್ಯೆಯ ಇನ್ನೊಂದು ಜನನ ಪ್ರಮಾಣಪತ್ರ ಹಿಡಿದು ಹೋಗುವುದು ಅತ್ಯಂತ ಕೆಟ್ಟ ಪರಿಸ್ಥಿತಿ. ಒಂದು ಜನನಕ್ಕೆ ಒಂದೇ ನೋಂದಣಿ. ಎರಡಿದ್ದರೆ ಒಂದು ಸುಳ್ಳು ಎಂದೇ ನೋಡುವವರು ಭಾವಿಸುತ್ತಾರೆ.

ಜನನ ಪ್ರಮಾಣಪತ್ರದಲ್ಲೇ ದಿನಾಂಕ ತಪ್ಪಾಗಿದೆ. ಏನು ಮಾಡೋದು?

ಹಾಗಿದ್ದರೆ ಆಧಾರ್ ಕೇಂದ್ರಕ್ಕೆ ಈಗಲೇ ಹೋಗಬೇಡಿ. ಮೊದಲು ಜನನ ನೋಂದಾಯಿಸಿದ ನೋಂದಣಾಧಿಕಾರಿಯ ಹತ್ತಿರ ಹೋಗಿ. ಅದು ಮಗು ಹುಟ್ಟಿದ ಜಾಗದ ಕಚೇರಿ, ನೀವು ಈಗ ಇರುವ ಜಾಗದ್ದಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಆ ಆಸ್ಪತ್ರೆ ಇರುವ ಪ್ರದೇಶದ ಪಾಲಿಕೆಯ ಜನನ ಮರಣ ನೋಂದಣಿ ಕಚೇರಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿರುವುದರಿಂದ, ಯಾವ ಪಾಲಿಕೆಗೆ ಸೇರುತ್ತದೆಂದು ಕೇಳಿಕೊಂಡು ಹೋಗಿ.

1969ರ ಜನನ ಮರಣ ನೋಂದಣಿ ಕಾಯಿದೆಯ 15ನೇ ಕಲಂ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಬರವಣಿಗೆಯ ತಪ್ಪಾಗಿದ್ದರೆ ನೋಂದಣಾಧಿಕಾರಿಯೇ ನೋಡಿ ಸರಿಮಾಡಬಹುದು. ವಿಷಯವೇ ತಪ್ಪಾಗಿದ್ದರೆ, ವಿಷಯ ಬಲ್ಲ ಇಬ್ಬರು ನಂಬಿಕಸ್ಥರ ಹೇಳಿಕೆಯೂ ಬೇಕು. ಇಂಥಲ್ಲಿ ಹೆಚ್ಚು ತೂಗುವುದು ಆಸ್ಪತ್ರೆಯ ಹೆರಿಗೆ ರಿಜಿಸ್ಟರ್‌ನ ಪ್ರತಿ ಅಥವಾ ಡಿಸ್ಚಾರ್ಜ್ ಸಾರಾಂಶ. ನೋಂದಣಿ ಪುಸ್ತಕದಲ್ಲಿ ಹಳೆಯ ನಮೂದನ್ನು ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ದಿನಾಂಕ ಹಾಕುತ್ತಾರೆ. ಹಾಗಾಗಿ ತಿದ್ದಿದ ಪ್ರಮಾಣಪತ್ರದಲ್ಲೂ ನೋಂದಣಿ ಸಂಖ್ಯೆ ಹಳೆಯದೇ ಇರುತ್ತದೆ. ಅದು ಬದಲಾಗಿದ್ದರೆ ಏನೋ ಎಡವಟ್ಟಾಗಿದೆ, ಅಲ್ಲೇ ವಿಚಾರಿಸಿ.

ಅಪ್ಪ ಶಾಲೆಗೇ ಹೋಗಿಲ್ಲ. ಯಾವ ದಾಖಲೆಯೂ ಇಲ್ಲ. ಅವರ ವಯಸ್ಸು ಸರಿಮಾಡಿಸೋದು ಹೇಗೆ?

ಮೊದಲು ಒಂದು ಪ್ರಶ್ನೆ: ಸರಿಮಾಡಿಸುವ ಅಗತ್ಯ ಇದೆಯೇ? ಜನವರಿ 1 ಎಂದಿದ್ದರೂ ವರ್ಷ ಹೆಚ್ಚುಕಡಿಮೆ ಸರಿಯಿದ್ದರೆ ಬಿಟ್ಟುಬಿಡಿ. ವಯಸ್ಸೇ ಕಡಿಮೆಯಾಗಿ, ಸಿಗಬೇಕಾದದ್ದು ತಪ್ಪುತ್ತಿದ್ದರೆ ಮಾತ್ರ ಇದಕ್ಕೆ ಇಳಿಯಿರಿ. 70 ತುಂಬಿದವರಿಗೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡ್ ಆಧಾರ್‌ನಲ್ಲಿರುವ ವಯಸ್ಸನ್ನೇ ನೋಡುತ್ತದೆ. ಅಲ್ಲಿ ಮೂರು ವರ್ಷ ಕಡಿಮೆ ಬರೆದಿದ್ದರೆ ಮೂರು ವರ್ಷ ಕಾಯಬೇಕು.

ದಾಖಲೆ ಇಲ್ಲದವರಿಗೆ ಉಳಿಯುವ ದಾರಿ ತಡವಾದ ಜನನ ನೋಂದಣಿ. ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ, ಹಳ್ಳಿಯಾದರೆ ಗ್ರಾಮ ಆಡಳಿತ ಅಧಿಕಾರಿಯ ಕಡೆಯಿಂದ, ಆ ಜನನ ಪುಸ್ತಕದಲ್ಲಿ ಇಲ್ಲ ಎಂಬ ಅಲಭ್ಯ ಪ್ರಮಾಣಪತ್ರ ಪಡೆಯಬೇಕು. ಹುಟ್ಟಿ ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು. ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿ, ಒಡಹುಟ್ಟಿದವರ ಶಾಲಾ ದಾಖಲೆ, ಹಿರಿಯ ಮಕ್ಕಳ ಎಸ್ಸೆಸ್ಸೆಲ್ಸಿ ಇವೆಲ್ಲ ಅಲ್ಲಿ ವಯಸ್ಸನ್ನು ಊಹಿಸಲು ನೆರವಾಗುತ್ತವೆ. ಅಪ್ಪನಿಗೂ ಮೊದಲ ಮಗನಿಗೂ ಆಧಾರ್‌ನಲ್ಲಿ 11 ವರ್ಷದ ಅಂತರವಿದ್ದರೆ, ಅಪ್ಪನ ವಯಸ್ಸು ತಪ್ಪು ಎನ್ನಲು ಬೇರೆ ವಾದ ಬೇಡ.

ಇದಕ್ಕೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ. ಎರಡು ಸಾವಿರ ಕೊಟ್ಟರೆ ನಾಳೆಯೇ ಜನನ ಪ್ರಮಾಣಪತ್ರ ಎನ್ನುವವರ ಕಾಗದದ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ಸ್ಕ್ಯಾನ್ ಮಾಡಿದರೆ ಸರ್ಕಾರಿ ತಾಣವನ್ನೇ ಹೋಲುವ ಇನ್ನಾವುದೋ ಪುಟ ತೆರೆಯುತ್ತದೆ. ಕರ್ನಾಟಕದ ಜನನ ಮರಣ ದಾಖಲೆಗಳು ಇರುವುದು ಇ-ಜನ್ಮ ತಂತ್ರಾಂಶದಲ್ಲಿ. ಬ್ರೌಸರ್‌ನ ಮೇಲಿನ ವಿಳಾಸದ ಸಾಲಿನಲ್ಲಿ ಸರ್ಕಾರದ ತಾಣವೇ ತೆರೆದಿದೆಯೇ ಎಂದು ಅಕ್ಷರ ಅಕ್ಷರ ಓದಿ ನೋಡಿ. ನಕಲಿ ದಾಖಲೆ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದ ಅಪ್ಪ, ಏಜೆಂಟ್ ಅಲ್ಲ.

ಮಗಳ ಆಧಾರ್‌ನಲ್ಲಿ ಒಂದು ದಿನ ಹೆಚ್ಚುಕಡಿಮೆ ಆಗಿದೆ. ಶಾಲೆಯವರು ಒಪ್ಪುತ್ತಿಲ್ಲ.

ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳಿಗೆ ಹೀಗಾಗುವುದುಂಟು: ಮನೆಯವರು ಹೇಳುವ ದಿನ ಒಂದು, ಆಸ್ಪತ್ರೆ ಬರೆದುಕಳಿಸಿದ್ದು ಇನ್ನೊಂದು. ಜನನ ಪ್ರಮಾಣಪತ್ರದಲ್ಲಿ ಇರುವುದೇ ಕೊನೆಯ ಮಾತು. ಆಧಾರ್ ಮತ್ತು ಶಾಲೆಯ ದಾಖಲೆ ಎರಡನ್ನೂ ಅದಕ್ಕೆ ಹೊಂದಿಸಿ. ಐದರಿಂದ ಹದಿನೆಂಟರ ಒಳಗಿನವರಿಗೆ ಫಾರಂ 3, ಐದರೊಳಗಿನವರಿಗೆ ಫಾರಂ 5, ಜೊತೆಗೆ ತಂದೆ ಅಥವಾ ತಾಯಿ ಬರಬೇಕು. ಮಗುವಿಗೆ 5 ಅಥವಾ 15 ತುಂಬಿದಾಗ ಹೇಗಿದ್ದರೂ ಬಯೋಮೆಟ್ರಿಕ್ ಅಪ್‌ಡೇಟ್‌ಗೆ ಹೋಗಬೇಕು, ದಿನಾಂಕದ ಕೆಲಸವನ್ನೂ ಅವತ್ತೇ ಮುಗಿಸಿಕೊಳ್ಳಿ. ಒಂಬತ್ತನೇ ತರಗತಿಗೆ ಮುಂಚೆ ಮುಗಿಸುವುದು ಒಳ್ಳೆಯದು, ಎಸ್ಸೆಸ್ಸೆಲ್ಸಿ ನೋಂದಣಿಗೆ ಹೆಸರು ಹೋದ ಮೇಲೆ ತಿದ್ದುವ ಕಡೆ ಇನ್ನೊಂದು ಹೆಚ್ಚಾಗುತ್ತದೆ.

ಆಧಾರ್ ಸರಿಯಾಯ್ತು. ಇನ್ನು ಅದನ್ನೇ ಎಲ್ಲ ಕಡೆ ವಯಸ್ಸಿಗೆ ಪುರಾವೆಯಾಗಿ ಕೊಡಬಹುದಲ್ವಾ?

ಆಗದು. ಆಧಾರ್ ಗುರುತಿನ ಪುರಾವೆ, ಹುಟ್ಟಿದ ದಿನಾಂಕದ ಪುರಾವೆ ಅಲ್ಲ ಎಂದು ಹೊಸ ಕಾರ್ಡಿನ ಮೇಲೇ ಅಚ್ಚು ಹಾಕುತ್ತಾರೆ. ರಸ್ತೆ ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನೇ ಹಿಡಿಯಿತು.

ಹಾಗಾದರೆ ಇಷ್ಟೆಲ್ಲ ಏಕೆ ಎಂದರೆ, ಎಲ್ಲ ದಾಖಲೆಗಳೂ ಈಗ ಆಧಾರ್ ಜೊತೆ ಹೋಲಿಕೆಯಾಗುತ್ತವೆ. ದಿನಾಂಕ ಬೇರೆಯಿದ್ದರೆ ಪ್ಯಾನ್ ಜೋಡಣೆ ನಿಲ್ಲುತ್ತದೆ, ಪಿಎಫ್ ಕೆವೈಸಿ ನಿಲ್ಲುತ್ತದೆ. ಆಧಾರ್ ತಿದ್ದಿದ ಸುದ್ದಿ ಬ್ಯಾಂಕಿಗೆ, ಪಿಎಫ್‌ಗೆ ತಾನಾಗಿ ಹೋಗುವುದಿಲ್ಲ. ಹೊಸ ಇ-ಆಧಾರ್ ಇಳಿಸಿಕೊಂಡು, ಹೊರಡುವ ಮುಂಚೆ ಬರೆದ ಆ ಹಾಳೆಯನ್ನು ತೆಗೆದು, ದಿನಾಂಕ ಹೊಂದದ ಒಂದೊಂದು ಕಡೆಗೂ ಕೊಡುತ್ತಾ ಬನ್ನಿ. ನೀವು ತೋರಿಸಿದ ಮೂಲ ದಾಖಲೆಯೂ ಜೊತೆಗಿರಲಿ, ದಿನಾಂಕಕ್ಕೆ ಅವರು ಕೇಳುವುದು ಅದನ್ನೇ.